ಗಣಿತಕ್ಕೆ 25 ನಿಮಿಷದ ಟೈಮರ್ ಬೇಕಾ?

"ತೀರ್ಥಹಳ್ಳಿಯಲ್ಲಿ ಸೆಕೆಂಡ್ ಪಿಯು ಓದ್ತಿದ್ದೀನಿ. 25 ನಿಮಿಷ ಓದಿ 5 ನಿಮಿಷ ಬಿಡುವು ತಗೊಳ್ಳೋದು ಬಯಾಲಜಿಗೆ ಸರಿಹೋಗುತ್ತೆ. ಗಣಿತದಲ್ಲಿ ಮಾತ್ರ ಲೆಕ್ಕದ ಮಧ್ಯೆ ಗಂಟೆ ಹೊಡೆಯುತ್ತೆ. ಏನು ಮಾಡಲಿ?"

ಗಣಿತಕ್ಕೆ ಆ ಟೈಮರ್ ಬಿಡಿ. ಬಯಾಲಜಿಯಲ್ಲಿ ಒಂದು ಚಿತ್ರ, ನಾಲ್ಕು ಹೆಸರು ಕಲಿತು ನಿಲ್ಲಿಸಬಹುದು. ಇಂಟಿಗ್ರೇಶನ್ ಹಾಗಲ್ಲ. ಯಾವ ಸಬ್‌ಸ್ಟಿಟ್ಯೂಶನ್ ಹಾಕಿದೆ, ಯಾಕೆ ಹಾಕಿದೆ, ಮುಂದೆ ಏನು ಬರಬೇಕು, ಎಲ್ಲ ಒಟ್ಟಿಗೆ ತಲೆಯಲ್ಲಿರಬೇಕು. ಎದ್ದು ಬಂದರೆ ಮತ್ತೆ ಮೊದಲ ಸಾಲಿನಿಂದ ಓದಬೇಕಾಗುತ್ತದೆ, ಅಲ್ವಾ? ಬಿಡುವಿನ ನಂತರ ಪ್ರತಿ ಸಲವೂ ಹೀಗಾದರೆ ಅವಧಿ ಗಿಡ್ಡವಾಯಿತು ಅಂತಲೇ ಅರ್ಥ.

80 ನಿಮಿಷ ಕೂತು ನೋಡಿ. ಸಿಇಟಿ ಗಣಿತಕ್ಕೂ ಅಷ್ಟೇ ಹೊತ್ತು, 60 ಪ್ರಶ್ನೆ. ಮೊದಲ ಹತ್ತು ನಿಮಿಷ ಗೊತ್ತಿರುವ ಸುಲಭದ ಲೆಕ್ಕ, ಆಮೇಲೆ ಕಷ್ಟದ್ದು. ಆಮೇಲೆ ಇಪ್ಪತ್ತು ನಿಮಿಷ ಪೂರ್ತಿ ಬಿಡುವು. ಮೊಬೈಲ್ ಬೇಡ, ಅಂಗಳದಲ್ಲಿ ಓಡಾಡಿ. (ಮಳೆ ಹಿಡಿದರೆ ಜಗಲಿಯೇ ಗತಿ!) ಮಧ್ಯದಲ್ಲಿ ಕರೆಂಟ್ ಹೋದರೆ, ಮುಂದಿನ ಹೆಜ್ಜೆ ಏನೆಂದು ಅಂಚಿನಲ್ಲಿ ಒಂದು ಸಾಲು ಬರೆದು ಏಳಿ.

ಒಂದೇ ಸಾಲನ್ನು ಮೂರು ಸಲ ಓದುತ್ತಿದ್ದರೆ, ಪ್ಲಸ್ ಮೈನಸ್ ತಪ್ಪುತ್ತಿದ್ದರೆ ಸುಮ್ನೆ ಕೂರಬೇಡಿ, ಅಲ್ಲಿಗೇ ನಿಲ್ಲಿಸಿ. ಹೊಸ ಅಧ್ಯಾಯ ತೆರೆಯಲು ಮನಸ್ಸೇ ಬಾರದ ದಿನ ಮಾತ್ರ 25 ನಿಮಿಷ ಇಟ್ಟುಕೊಂಡು ಶುರುಮಾಡಿ. ಗಂಟೆ ಹೊಡೆದಾಗ ಲೆಕ್ಕ ಓಡುತ್ತಿದ್ದರೆ ಏಳಬೇಡಿ.