ಇಂಗ್ಲಿಷ್ ಪರೀಕ್ಷೆಯ ಅಂಕ ನೋಡಿ ಭಾಷಾ ತೊಂದರೆ ಅಂದರೆ

"ಅಮೆರಿಕದಲ್ಲಿದ್ದೇವೆ, ಮನೆಯಲ್ಲಿ ಕನ್ನಡವೇ. ಐದು ವರ್ಷದ ಮಗ ಶಾಲೆ ಸೇರಿ ಒಂದು ವರ್ಷ. ಇಂಗ್ಲಿಷ್ ಪರೀಕ್ಷೆಯಲ್ಲಿ 76 ಬಂತು, ಭಾಷಾ ಬೆಳವಣಿಗೆಯ ತೊಂದರೆ ಇದೆ ಅಂತಾರೆ. ಕನ್ನಡ ನಿಲ್ಲಿಸಬೇಕಾ?"

ಹೋಲಿಕೆಯಲ್ಲೇ ಎಡವಟ್ಟಾಗಿರುವ ಸಾಧ್ಯತೆ ಹೆಚ್ಚು. ಇಂಥ ಪರೀಕ್ಷೆಗಳಲ್ಲಿ ಸರಾಸರಿ 100 ಅನ್ನುವುದು ಬಹುಪಾಲು ಹುಟ್ಟಿನಿಂದ ಇಂಗ್ಲಿಷನ್ನೇ ಕೇಳಿ ಬೆಳೆದ ಮಕ್ಕಳದ್ದು. 'ಎಸ್ಟರ್‌ಡೇ ಹೀ ವಾಕ್' ಅಂತ ಭೂತಕಾಲದ ಕೊನೆಯನ್ನು ನುಂಗುವುದು ತೊಂದರೆ ಇರುವ ಮಕ್ಕಳಲ್ಲೂ ಉಂಟು, ಈಗಷ್ಟೇ ಇಂಗ್ಲಿಷ್ ಕಲಿಯುವ ಆರೋಗ್ಯವಂತ ಮಕ್ಕಳಲ್ಲೂ ಉಂಟು. ಅಂಕ ಇವೆರಡನ್ನು ಬೇರ್ಪಡಿಸುವುದಿಲ್ಲ.

ಮೊದಲು ಕನ್ನಡ ಗಮನಿಸಿ. ನಿಜವಾದ ತೊಂದರೆ ಎರಡೂ ಭಾಷೆಯಲ್ಲಿ ಕಾಣುತ್ತದೆ. ಚಿತ್ರಪುಸ್ತಕ ಕೊಟ್ಟು ಕಥೆ ಹೇಳಿಸಿ, ರೆಕಾರ್ಡ್ ಮಾಡಿ. 'ನಾನು ತಿಂದ', 'ಹುಡುಗಿ ಬಂದ' ಅಂತ ಕ್ರಿಯಾಪದ ಪದೇ ಪದೇ ತಪ್ಪುತ್ತಿದೆಯೇ? ಮೊದಲ ಮಾತು ತಡವಾಗಿ ಬಂತೇ? ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ? ಬರೆದಿಡಿ. ಶಾಲೆ ಸೇರಿದ ಮೇಲೆ ಕನ್ನಡ ಮಾತೇ ಕಡಿಮೆಯಾಗಿದ್ದರೆ ಕೆಲವು ತಪ್ಪು ಅದರಿಂದಲೂ ಬರಬಹುದು, ಹಾಗಾಗಿ ಇದೊಂದರಿಂದಲೇ ತೀರ್ಮಾನ ಬೇಡ.

ಆಮೇಲೆ ಶಾಲೆಗೆ ಲಿಖಿತವಾಗಿ ಕೇಳಿ: ಕನ್ನಡದಲ್ಲೂ ಮೌಲ್ಯಮಾಪನ ಆಗಲಿ. ಅಲ್ಲಿನ ವಿಶೇಷ ಶಿಕ್ಷಣ ಕಾನೂನು (IDEA) ಪ್ರಕಾರ, ಸಾಧ್ಯವೇ ಇಲ್ಲ ಅನ್ನುವ ಸಂದರ್ಭ ಬಿಟ್ಟರೆ ಮಗುವಿನ ಭಾಷೆಯಲ್ಲೇ ಪರೀಕ್ಷಿಸಬೇಕು. ಕನ್ನಡ ಬಲ್ಲ ತಜ್ಞರು ಸಿಗದಿದ್ದರೆ ತರಬೇತಾದ ದುಭಾಷಿ ಇರಲಿ, ನೀವೇ ಆ ಕೆಲಸ ಮಾಡಬೇಡಿ. ಜೊತೆಗೆ, ಹೊಸ ಪದ ಕಲಿಸಿ ಮತ್ತೆ ಪರೀಕ್ಷಿಸುವ ವಿಧಾನ ಕೇಳಿ. ಸ್ವಲ್ಪ ಕಲಿಸಿದರೆ ಬೇಗ ಹಿಡಿಯುವ ಮಗುವಿಗೆ ಕೊರತೆಯಿರುವುದು ಹೆಚ್ಚಾಗಿ ಅವಕಾಶದ್ದು.

ಕನ್ನಡದಲ್ಲೂ ಹಿಂದಿದ್ದರೆ ಕಾಯಬೇಡಿ, ಥೆರಪಿ ಶುರು ಮಾಡಿ. ಎರಡು ಭಾಷೆಯಿಂದ ಈ ತೊಂದರೆ ಬರುವುದಿಲ್ಲ, ಕನ್ನಡ ನಿಲ್ಲಿಸಬೇಡಿ.