ಅತ್ತೆಯ ತುಳು ಮಾತಿಗೆ ಕನ್ನಡ ಸಬ್‌ಟೈಟಲ್: ಒತ್ತಕ್ಷರ ಒಡೆಯದ ಹಾಗೆ ಹಾಕುವುದು ಹೇಗೆ?

ಪ್ರಶ್ನೆ: ನಮ್ಮತ್ತೆ ಪತ್ರೊಡೆ ಮಾಡುವುದನ್ನು ಫೋನಿನಲ್ಲಿ ವಿಡಿಯೊ ಮಾಡಿದ್ದೇನೆ. ಆರು ನಿಮಿಷ ಇದೆ. ಅವರು ಮಾತಾಡೋದು ತುಳು, ಹುಬ್ಬಳ್ಳಿಯ ನನ್ನ ತವರಿನವರಿಗೆ ಅದು ಅರ್ಥವಾಗಲ್ಲ. ಇನ್‌ಶಾಟ್ ಆ್ಯಪ್‌ನಲ್ಲಿ ಕನ್ನಡ ಸಾಲು ಹಾಕಲು ಹೋದರೆ ಒತ್ತಕ್ಷರ ಎಲ್ಲಾ ಬಿಡಿಬಿಡಿಯಾಗಿ ಕಾಣುತ್ತದೆ. ಆಮೇಲೆ ವಿಡಿಯೊ ಸ್ವಲ್ಪ ಕತ್ತರಿಸಿದೆ, ಬರೆದ ಸಾಲುಗಳೆಲ್ಲ ಮಾತಿಗೆ ತಪ್ಪಿಹೋದವು. ದುಡ್ಡು ಕೊಡದೆ ಸರಿಮಾಡಬಹುದಾ?
— ಓದುಗರೊಬ್ಬರು, ಪುತ್ತೂರು

ಉತ್ತರ: ಮಾಡಬಹುದು, ದುಡ್ಡೇನೂ ಬೇಡ. ಎರಡನೇ ತೊಂದರೆ ಬಂದಿದ್ದು ಕೆಲಸದ ಕ್ರಮದಿಂದ, ಅದನ್ನೇ ಮೊದಲು ನೋಡೋಣ. ನೀವು ಬರೆದ ಸಾಲು ವಿಡಿಯೊ ತುಣುಕಿಗೆ ಅಂಟಿಕೊಂಡಿರುವುದಿಲ್ಲ. ಟೈಮ್‌ಲೈನ್‌ನ ಇಷ್ಟನೇ ಸೆಕೆಂಡಿನಲ್ಲಿ ಬರಬೇಕು ಎಂದಷ್ಟೇ ಅದಕ್ಕೆ ಗೊತ್ತು. ಶುರುವಿನ ಇಪ್ಪತ್ತು ಸೆಕೆಂಡ್ ಕತ್ತರಿಸಿದರೆ ವಿಡಿಯೊ ಎಡಕ್ಕೆ ಸರಿಯುತ್ತದೆ, ಸಾಲು ಇದ್ದಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಕತ್ತರಿ ಕೆಲಸ ಪೂರ್ತಿ ಮುಗಿಯುವ ತನಕ ಒಂದಕ್ಷರವೂ ಟೈಪ್ ಮಾಡಬೇಡಿ.

ಕತ್ತರಿಸುವ ಮುಂಚೆ ವಿಡಿಯೊವನ್ನು ಒಮ್ಮೆ ಪೂರ್ತಿ ನೋಡಿ, ಯಾವ ಭಾಗ ಬೇಕು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಪತ್ರೊಡೆಯಲ್ಲಿ ನೋಡುವಂಥದ್ದು ಮೂರೇ: ಮಸಾಲೆ ರುಬ್ಬುವಾಗ ಅತ್ತೆ ಹೇಳುವ ಮಾತು, ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತುವುದು, ಬೆಂದ ಮೇಲೆ ಕತ್ತರಿಸುವುದು. ಮೊದಲನೆಯದಕ್ಕೆ 25 ಸೆಕೆಂಡ್, ಸುತ್ತುವುದಕ್ಕೆ 40, ಕೊನೆಯದಕ್ಕೆ 25 ಇಟ್ಟರೆ ಒಂದೂವರೆ ನಿಮಿಷ ಆಯಿತು. ಅಷ್ಟಕ್ಕೆ ಸುಮಾರು ಇಪ್ಪತ್ತು ಸಾಲು ಸಬ್‌ಟೈಟಲ್ ಬೇಕಾಗುತ್ತದೆ. ಆರು ನಿಮಿಷಕ್ಕೆ ಎಷ್ಟು ಬರೆಯಬೇಕು ಎಂದು ಲೆಕ್ಕ ಹಾಕಿದರೆ ಕತ್ತರಿಸಲು ತಾನಾಗಿ ಧೈರ್ಯ ಬರುತ್ತದೆ!

ಆ್ಯಪ್‌ನಲ್ಲಿ ವಿಡಿಯೊ ತೆರೆದು, ಬಿಳಿ ಗೆರೆಯನ್ನು ಬೇಕಾದ ಜಾಗಕ್ಕೆ ತಂದು Split ಒತ್ತಿ. ಬೇಡದ ತುಣುಕನ್ನು ಮುಟ್ಟಿ Delete ಮಾಡಿ. ಮಾತು ಮುಗಿದ ಕೂಡಲೇ ಕತ್ತರಿಸಬೇಡಿ, ಅರ್ಧ ಸೆಕೆಂಡ್ ಬಿಡಿ. ಇಲ್ಲದಿದ್ದರೆ ಕೊನೆಯ ಪದ ನುಂಗಿದ ಹಾಗೆ ಕೇಳುತ್ತದೆ. ಇದರಿಂದ ಗ್ಯಾಲರಿಯಲ್ಲಿರುವ ಮೂಲ ವಿಡಿಯೊಗೆ ಏನೂ ಆಗುವುದಿಲ್ಲ. ಆ್ಯಪ್ ಹೊಸದೊಂದು ಫೈಲ್ ಮಾಡಿ ಕೊಡುತ್ತದೆ ಅಷ್ಟೇ. ಮೂಲವನ್ನು ಮಾತ್ರ ಅಳಿಸಬೇಡಿ.

ಈಗ ಒತ್ತಕ್ಷರದ ವಿಷಯ. ‘ಸ್ತ್ರೀ’ ಎಂದು ಬರೆಯಲು ಕೀಬೋರ್ಡಿನಿಂದ ಹೋಗುವುದು ಸ, ತ, ರ, ನಡುವಿನ ಅರ್ಧಚಿಹ್ನೆಗಳು, ಕೊನೆಗೆ ದೀರ್ಘ. ಅವನ್ನೆಲ್ಲ ಕೂಡಿಸಿ ಒಂದೇ ಆಕಾರವಾಗಿ ಬರೆಯುವ ಕೆಲಸ ಆ್ಯಪ್ ಮತ್ತು ಫಾಂಟ್ ಎರಡರದ್ದೂ. ಆ್ಯಪ್ ಒಂದೊಂದನ್ನೂ ಬೇರೆಬೇರೆಯಾಗಿ ಬರೆದರೆ ಅಕ್ಷರ ಒಡೆಯುತ್ತದೆ. ಇಂಗ್ಲಿಷಿನಲ್ಲಿ ಈ ಗೋಜಿಲ್ಲ, ಆದ್ದರಿಂದ ಎಷ್ಟೋ ಆ್ಯಪ್‌ಗಳು ಇದನ್ನು ಸರಿಯಾಗಿ ಪರೀಕ್ಷಿಸುವುದೇ ಇಲ್ಲ ಅನ್ನಿಸುತ್ತದೆ. ಒಡೆಯಲು ಸಾಮಾನ್ಯ ಕಾರಣ ಎರಡು. ಒಂದು, ಅಕ್ಷರಗಳ ನಡುವಿನ ಅಂತರವನ್ನು ಹೆಚ್ಚಿಸಿರುವುದು. ಇನ್ನೊಂದು, ಒಂದೊಂದೇ ಅಕ್ಷರ ಟೈಪ್ ಆಗುತ್ತಾ ಬರುವಂಥ ಅನಿಮೇಷನ್. ಆದ್ದರಿಂದ ಅಂತರವನ್ನು ಸೊನ್ನೆಗೆ ಇಳಿಸಿ, ಅನಿಮೇಷನ್ ತೆಗೆದುಹಾಕಿ, ಫಾಂಟ್ ಪಟ್ಟಿಯ ಮೊದಲಿಗಿರುವ ಸಾದಾ ಫಾಂಟ್‌ಗೆ ಮರಳಿ. ಆಮೇಲೆ ಈ ಸಾಲನ್ನು ಟೈಪ್ ಮಾಡಿ ನೋಡಿ:

ಸ್ತ್ರೀ ಕೃಷ್ಣ ರಾಷ್ಟ್ರ ಅರ್ಧ ಕೊತ್ತಂಬರಿ

ಇದು ಸರಿ ಬಂದರೆ ಉಳಿದದ್ದೂ ಬರುತ್ತದೆ. ‘ಅರ್ಧ’ದ ಅರ್ಕಾವೊತ್ತು ಬಲಗಡೆಗೆ ಬಂದಿದೆಯಾ, ‘ಷ್ಟ್ರ’ದ ಎರಡೂ ಒತ್ತು ಕೆಳಗಿವೆಯಾ ಎಂದು ಮುಖ್ಯವಾಗಿ ನೋಡಿ.

ಪಟ್ಟಿಯಲ್ಲಿರುವ ಅಲಂಕಾರದ ಫಾಂಟ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಫಾಂಟ್ ಬದಲಿಸುತ್ತಾ ಹೋದರೂ ಕನ್ನಡದ ಆಕಾರ ಬದಲಾಗುತ್ತಿಲ್ಲ ಅಂದರೆ ಅದೇ ಗುರುತು. ಆಗ ಫೋನಿನ ಸ್ವಂತ ಕನ್ನಡ ಫಾಂಟ್ ಬಂದು ಕೂತಿರುತ್ತದೆ, ಅದರಿಂದ ನಷ್ಟವೇನಿಲ್ಲ. ದಪ್ಪ, ಚೆಂದದ ಅಕ್ಷರವೇ ಬೇಕಿದ್ದರೆ ಗೂಗಲ್ ಫಾಂಟ್ಸ್‌ನಲ್ಲಿ Baloo Tamma 2 ಅಥವಾ Noto Sans Kannada ಪುಕ್ಕಟೆ ಸಿಗುತ್ತದೆ. ಇಳಿಸಿಕೊಂಡು, ಆ್ಯಪ್‌ನ ಫಾಂಟ್ ಪಟ್ಟಿಯಲ್ಲಿರುವ + ಗುರುತಿನಿಂದ ಸೇರಿಸಿಕೊಳ್ಳಬಹುದು. ಬೇರೆಯವರು ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಕೊಟ್ಟದ್ದನ್ನು ಮಾತ್ರ ಇಲ್ಲಿ ಅಂಟಿಸಬೇಡಿ. ಅದು ಯುನಿಕೋಡ್ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬೀಳುತ್ತದೆ. ಫೋನಿನ ಕನ್ನಡ ಕೀಬೋರ್ಡಿನಲ್ಲೇ ಬರೆಯಿರಿ.

ಇಷ್ಟೆಲ್ಲ ಮಾಡಿಯೂ ಒಡೆದರೆ ಒಂದು ಅಡ್ಡದಾರಿ ಇದೆ. ಸಾಲನ್ನು ಬೇರೆ ಆ್ಯಪ್‌ನಲ್ಲಿ ದೊಡ್ಡದಾಗಿ ಬರೆದು, ಸ್ಕ್ರೀನ್‌ಶಾಟ್ ತೆಗೆದು, ಆ ಚಿತ್ರವನ್ನು ಸ್ಟಿಕರ್ ಥರ ವಿಡಿಯೊ ಮೇಲೆ ಇಡುವುದು. ಇಪ್ಪತ್ತು ಸಾಲಿಗೆ ಇದು ಬೇಸರದ ಕೆಲಸ, ನಾನಾದರೆ ಶೀರ್ಷಿಕೆಗೆ ಮಾತ್ರ ಹೀಗೆ ಮಾಡುತ್ತೇನೆ.

ಮೊದಲ ಸಾಲನ್ನೇ ಪೂರ್ತಿ ಸಜ್ಜುಮಾಡಿ: ಬಿಳಿ ಅಕ್ಷರ, ಸುತ್ತ ಕಪ್ಪು ಅಂಚು. ಜಾಗ ತೀರಾ ಕೆಳಗೆ ಬೇಡ, ಅಲ್ಲಿ ಅತ್ತೆಯ ಕೈಯೂ ಎಲೆಯೂ ಇರುತ್ತವೆ. ಸ್ಟೇಟಸ್‌ಗೆ ಹಾಕಿದರೆ ಕೆಳಗಿನ ಪಟ್ಟಿಯೂ ಅಡ್ಡ ಬರುತ್ತದೆ. ಅಕ್ಷರದ ಹಿಂದೆ ಬಣ್ಣದ ಪಟ್ಟಿ ಹಾಕಿದರೆ ಒತ್ತಕ್ಷರದ ಬುಡ ಅದರೊಳಗೇ ಇದೆಯಾ, ಕತ್ತರಿಸಿ ಹೋಗಿದೆಯಾ ನೋಡಿ. ಸರಿಯಾದ ಮೇಲೆ ಆ ಸಾಲನ್ನು Duplicate ಮಾಡಿ, ಮಾತು ಮಾತ್ರ ಬದಲಿಸುತ್ತಾ ಹೋಗಿ. ಪ್ರತಿ ಸಾಲಿಗೂ ಬಣ್ಣ, ಗಾತ್ರ ಹೊಂದಿಸುವ ಕೆಲಸ ತಪ್ಪುತ್ತದೆ. ಸಾಲಿನ ಪಟ್ಟಿಯ ಎರಡು ತುದಿ ಎಳೆದು, ಮಾತು ಶುರುವಾಗುವಲ್ಲಿಂದ ಮುಗಿಯುವ ತನಕ ಕೂಡಿಸಿ.

ಪ್ರತಿ ಪದವನ್ನೂ ಬರೆಯಬೇಕು ಎಂದೇನಿಲ್ಲ. ಅತ್ತೆ ಒಂದೇ ಉಸಿರಿಗೆ, ಹುಣಸೆಹಣ್ಣು ಸ್ವಲ್ಪ ಜಾಸ್ತಿ ಹಾಕಬೇಕು, ಇಲ್ಲದಿದ್ದರೆ ಕೆಸುವಿನ ಎಲೆ ತಿಂದಾಗ ಗಂಟಲು ತುರಿಸುತ್ತದೆ, ನಮ್ಮಮ್ಮ ಯಾವಾಗಲೂ ಹೇಳುತ್ತಿದ್ದರು ಎಂದರು ಅನ್ನಿ. ಎಂಟು ಸೆಕೆಂಡಿನ ಮಾತು. ಅದನ್ನು ಮೂರು ಸಾಲು ಮಾಡಿ: ‘ಹುಣಸೆಹುಳಿ ಸ್ವಲ್ಪ ಜಾಸ್ತಿ ಬೇಕು’, ‘ಇಲ್ಲಾಂದ್ರೆ ಗಂಟಲು ತುರಿಸುತ್ತೆ’, ‘ನಮ್ಮಮ್ಮ ಹೇಳ್ತಿದ್ರು’. ಒಂದೊಂದಕ್ಕೆ ಎರಡೂವರೆ ಸೆಕೆಂಡ್ ಸಿಕ್ಕಿತು. ಅಡುಗೆಯ ವಿಡಿಯೊ ಆಗಿದ್ದರೆ ಮೂರನೆಯದನ್ನು ಬಿಡಬಹುದಿತ್ತು, ಮನೆಯವರ ವಿಡಿಯೊದಲ್ಲಿ ಅದೇ ಬೇಕಾದ ಸಾಲು. ನಿಂತ ಫೋನಿನ ಅಗಲಕ್ಕೆ ನಾಲ್ಕು ಪದ ಸಾಕು. ಸಾಲು ಮಾಯವಾಗುವ ಮುಂಚೆ ನೀವೇ ನಿಧಾನವಾಗಿ, ಬಾಯಿಬಿಟ್ಟು ಒಮ್ಮೆ ಓದಿ ಮುಗಿಸಲು ಆಗಬೇಕು. ಆಗದಿದ್ದರೆ ಪದ ಕಡಿಮೆ ಮಾಡಿ.

ಉಳಿಸುವ ಮುಂಚೆ ಮೂಲೆಯಲ್ಲಿ ಆ್ಯಪ್‌ನ ಹೆಸರು ಇರುತ್ತದೆ. ಅದರ ಪಕ್ಕದ × ಮುಟ್ಟಿ, ಒಂದು ಜಾಹೀರಾತು ನೋಡಿದರೆ ಪುಕ್ಕಟೆಯಾಗಿಯೇ ಹೋಗುತ್ತದೆ. 1080p ಆರಿಸಿ ಉಳಿಸಿ. ಉಳಿಸಿದ ಫೈಲನ್ನು ಗ್ಯಾಲರಿಯಲ್ಲಿ ತೆರೆದು ಮೊದಲಿಂದ ಕೊನೆ ತನಕ ನೋಡಿ, ಆ್ಯಪ್‌ನೊಳಗೆ ನೋಡಿದರೆ ಸಾಲದು. ಇಲ್ಲಿ ಅಕ್ಷರಗಳು ಚಿತ್ರದ ಭಾಗವೇ ಆಗಿಬಿಟ್ಟಿರುತ್ತವೆ. ಹಾಗಾಗಿ ತವರಿನವರ ಫೋನಿನಲ್ಲಿ ಕನ್ನಡ ಫಾಂಟ್ ಇದ್ದರೂ, ಇಲ್ಲದಿದ್ದರೂ ಹೀಗೆಯೇ ಕಾಣುತ್ತದೆ. ತಪ್ಪಿದ್ದರೆ ಆ್ಯಪ್‌ನ ಡ್ರಾಫ್ಟ್ ತೆರೆದು ತಿದ್ದಿ ಮತ್ತೆ ಉಳಿಸಬೇಕು, ಬೇರೆ ದಾರಿ ಇಲ್ಲ. ಆದ್ದರಿಂದ ಡ್ರಾಫ್ಟನ್ನೂ ಅಳಿಸಬೇಡಿ.

ಕಳಿಸುವಾಗ ವಾಟ್ಸ್‌ಆ್ಯಪ್ ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಮೊದಲು ಮಸುಕಾಗುವುದು ಸಣ್ಣ ಅಕ್ಷರವೇ. HD ಗುರುತು ಒತ್ತಿ ಕಳಿಸಿ. ಅದರಲ್ಲೂ ಮಸುಕಾದರೆ ವಿಡಿಯೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಹಿಂಡದೆ ಹೋಗುತ್ತದೆ. 2 ಜಿಬಿ ತನಕ ಅವಕಾಶ ಇದೆ, ನಿಮ್ಮ ಒಂದೂವರೆ ನಿಮಿಷ ಅದರ ಹತ್ತಿರಕ್ಕೂ ಬರಲ್ಲ.