86 ಸಾಲಿನ ಗ್ಯಾಂಟ್ ಚಾರ್ಟನ್ನು ಒಂದೇ ಸ್ಲೈಡಿಗೆ ಇಳಿಸುವುದು ಹೇಗೆ?

ಪ್ರಶ್ನೆ: ಮಲ್ಪೆಯಲ್ಲಿ ಒಂದು ಐಸ್ ಪ್ಲಾಂಟಿನ ಹಳೆ ಯಂತ್ರ ತೆಗೆದು ಹೊಸದು ಕೂರಿಸುವ ಕೆಲಸ ನೋಡಿಕೊಳ್ಳುತ್ತಿದ್ದೇನೆ. ನವೆಂಬರಿನಿಂದ ಆಗಸ್ಟ್‌ವರೆಗೆ 86 ಸಾಲಿನ ಗ್ಯಾಂಟ್ ಚಾರ್ಟ್ ಎಕ್ಸೆಲ್‌ನಲ್ಲಿದೆ. ಫೆಬ್ರವರಿಯ ಸಭೆಗೆ ಒಂದೇ ಸ್ಲೈಡ್ ಬೇಕಂತೆ. ಸ್ಕ್ರೀನ್‌ಶಾಟ್ ಅಂಟಿಸಿದರೆ ಅಕ್ಷರವೇ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ:

ಸ್ಕ್ರೀನ್‌ಶಾಟ್ ಯಾಕೆ ಕಾಣುವುದಿಲ್ಲ ಎಂಬುದು ಸಣ್ಣ ಲೆಕ್ಕ. ಪವರ್‌ಪಾಯಿಂಟಿನ ಅಗಲ ಸ್ಲೈಡ್ 33.87 ಸೆಂ.ಮೀ. ಅಗಲ, 19.05 ಸೆಂ.ಮೀ. ಎತ್ತರ. ಮೇಲೆ ಶೀರ್ಷಿಕೆ, ತಿಂಗಳುಗಳ ಸಾಲು, ಕೆಳಗೆ ಸ್ವಲ್ಪ ಅಂಚು ಬಿಟ್ಟರೆ ನಿಮಗೆ ಉಳಿಯುವುದು ಸುಮಾರು 14.5 ಸೆಂ.ಮೀ. ಅದರಲ್ಲಿ 86 ಸಾಲು ತುಂಬಿಸಿದರೆ ಒಂದು ಸಾಲಿಗೆ 1.7 ಮಿ.ಮೀ. ಸಿಗುತ್ತದೆ, ಅಂದರೆ 5 ಪಾಯಿಂಟಿಗಿಂತ ಚಿಕ್ಕ ಅಕ್ಷರ. ಮೊದಲ ಸಾಲಿನಲ್ಲಿ ಕೂತವರಿಗೂ ಅದು ಓದಲಿಕ್ಕಾಗದು. ಹಾಗಾಗಿ ಚಾರ್ಟನ್ನು ಕುಗ್ಗಿಸುವ ದಾರಿಯನ್ನೇ ಬಿಟ್ಟುಬಿಡಿ. ಎಕ್ಸೆಲ್ ಚಾರ್ಟ್ ನಿಮ್ಮ ಕೆಲಸಕ್ಕೆ ಹಾಗೇ ಇರಲಿ. ಸ್ಲೈಡನ್ನು ಬೇರೆಯೇ ಆಗಿ ಬರೆಯಬೇಕು.

ನಾನು ಮಂಗಳೂರಿನಲ್ಲಿ ಇಂಥ ಕೆಲಸಗಳ ಯೋಜನೆ ಮಾಡುವ ಕಚೇರಿಯಲ್ಲಿದ್ದೇನೆ. ಸ್ಲೈಡ್ ಬರೆಯಲು ಕೂರುವ ಮೊದಲು, ಸಭೆಗೆ ಬಂದವರು ಕೇಳುವ ಒಂದೇ ಪ್ರಶ್ನೆ ಯಾವುದು ಎಂದು ಹುಡುಕುತ್ತೇನೆ. ನಿಮ್ಮಲ್ಲಿ ಅದನ್ನು ಹುಡುಕಬೇಕಾಗಿಯೇ ಇಲ್ಲ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಹಳೆ ಯಂತ್ರ ನಿಲ್ಲಿಸಲು ಸಿಗುವ ಹೊತ್ತು ಅದೊಂದೇ. ಬೋಟಿನವರು ಕೇಳುವುದು "ಆಗಸ್ಟ್ ಒಂದಕ್ಕೆ ಐಸ್ ಸಿಗ್ತದಾ ಇಲ್ವಾ ಮಾರಾಯ್ರೆ?" ಎಂದಷ್ಟೆ. ಆ ಮಾತಿಗೆ ಉತ್ತರ ಕೊಡುವ ಸಾಲುಗಳು ಮಾತ್ರ ಸ್ಲೈಡಿಗೆ ಬರಲಿ.

86 ಸಾಲುಗಳನ್ನು ಸೋಸುವಾಗ ಪ್ರತಿಯೊಂದಕ್ಕೂ ಇದನ್ನು ಕೇಳಿ: ಈ ಕೆಲಸ ಒಂದು ವಾರ ತಡವಾದರೆ ಆಗಸ್ಟ್ 1 ಅಲುಗಾಡುತ್ತದಾ? ಅಥವಾ ಸಭೆಯಲ್ಲಿ ಕೂತವರು ಏನಾದರೂ ತೀರ್ಮಾನ ಮಾಡಬೇಕಾ? ಎರಡಕ್ಕೂ ಇಲ್ಲ ಎಂದಾದರೆ ಆ ಸಾಲು ಎಕ್ಸೆಲ್‌ನಲ್ಲೇ ಉಳಿಯಲಿ. ಉಳಿದವುಗಳನ್ನು ಕಟ್ಟಡ, ಖರೀದಿ, ಅಳವಡಿಕೆ, ವಿದ್ಯುತ್ತು-ಪರವಾನಗಿ ಎಂದು ನಾಲ್ಕು ಪಥಗಳಿಗೆ ಹಂಚಿ. ಗ್ಯಾಂಟ್ ಚಾರ್ಟಿನಲ್ಲಿ ಒಂದು ಕೆಲಸಕ್ಕೆ ಒಂದು ಸಾಲು ಎಂಬುದು ನಿಯಮ. ಸ್ಲೈಡಿನಲ್ಲಿ ಆ ನಿಯಮವನ್ನು ಮುರಿಯಿರಿ. ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗುವ ಕೆಲಸಗಳು ಒಂದೇ ಸಾಲಿನಲ್ಲಿ ಒಂದರ ಹಿಂದೆ ಒಂದು ಕೂರಬಹುದು. ಹಳೆ ಯಂತ್ರ ತೆಗೆಯುವುದು, ಹೊಸದು ಕೂರಿಸಿ ಪೈಪ್ ಎಳೆಯುವುದು, ಉಪ್ಪುನೀರಿನ ಟ್ಯಾಂಕ್ ತಣಿಸಿ ನೋಡುವುದು, ಈ ಮೂರಕ್ಕೂ ಒಂದೇ ಸಾಲು ಸಾಕು. ನಾಲ್ಕು ಪಥಕ್ಕೆ ತಲಾ 3.5 ಸೆಂ.ಮೀ. ಕೊಟ್ಟರೆ ಒಂದೊಂದರಲ್ಲೂ ಎರಡು ಸಾಲು ಆರಾಮವಾಗಿ ಹಿಡಿಯುತ್ತವೆ.

ಇನ್ನು ಹೆಚ್ಚಿನವರು ಯೋಚಿಸದೆ ಬಿಡುವ ವಿಷಯ, ಕಾಲದ ಅಳತೆ. ಎಡಗಡೆ 1 ಸೆಂ.ಮೀ. ಅಂಚು, 7 ಸೆಂ.ಮೀ. ಪಥದ ಹೆಸರಿಗೆ ಬಿಡಿ, ನಂತರದ 25 ಸೆಂ.ಮೀ. ಕಾಲಕ್ಕೆ. ನವೆಂಬರ್ 1ರಿಂದ ಆಗಸ್ಟ್ 31ರವರೆಗೆ 304 ದಿನ. ಹಾಗೆ ಹಂಚಿದರೆ ನಿಮ್ಮ ಜೀವಾಳವಾದ ಆ 61 ದಿನಕ್ಕೆ ಸಿಗುವುದು ಬರೀ 5 ಸೆಂ.ಮೀ. ಮುಗಿದುಹೋದ ಡ್ರಾಯಿಂಗ್, ಕೊಟೇಶನ್‌ಗಳು ಸ್ಲೈಡಿನ ಕಾಲು ಭಾಗವನ್ನೇ ಹಿಡಿದುಕೊಳ್ಳುತ್ತವೆ. ಸಭೆ ಫೆಬ್ರವರಿಯಲ್ಲಿ ತಾನೆ? ಅಳತೆಯನ್ನೂ ಫೆಬ್ರವರಿ 1ರಿಂದಲೇ ಶುರುಮಾಡಿ. ಜನವರಿವರೆಗಿನದನ್ನು ಶೀರ್ಷಿಕೆಯ ಕೆಳಗೆ "ಮುಗಿದದ್ದು: ವಿನ್ಯಾಸ, ಕಂಪ್ರೆಸರ್ ಆರ್ಡರ್" ಎಂದು ಒಂದು ಸಾಲಿನಲ್ಲಿ ಹೇಳಿದರಾಯಿತು. ಈಗ 212 ದಿನ 25 ಸೆಂ.ಮೀ.ಯಲ್ಲಿ, ನಿಷೇಧದ ಅವಧಿಗೆ 7.2 ಸೆಂ.ಮೀ. ಆದರೆ ಜೂನ್-ಜುಲೈ ಮಾತ್ರ ಹಿಗ್ಗಿಸಿ ಬೇರೆ ತಿಂಗಳು ಕುಗ್ಗಿಸುವ ಆಸೆಗೆ ಬೀಳಬೇಡಿ. ಪಟ್ಟಿಯ ಉದ್ದ ನೋಡಿ ದಿನ ಅಂದಾಜು ಮಾಡುವವರಿಗೆ ಅದು ಸುಳ್ಳು ಹೇಳುತ್ತದೆ.

ಪಟ್ಟಿಗಳನ್ನು ಕಣ್ಣಳತೆಯಲ್ಲಿ ಎಳೆಯುವುದು ಬೇಡ. ಎಕ್ಸೆಲ್‌ನಲ್ಲಿ B ಕಾಲಮ್ಮಿಗೆ ಶುರುವಾಗುವ ದಿನ, C ಕಾಲಮ್ಮಿಗೆ ಮುಗಿಯುವ ದಿನ ಹಾಕಿ, ಪಕ್ಕದ ಎರಡು ಕಾಲಮ್ಮುಗಳಲ್ಲಿ ಈ ಸೂತ್ರಗಳನ್ನು ಬರೆಯಿರಿ. ಮೊದಲನೆಯದು ಎಡತುದಿಯ ಜಾಗ, ಎರಡನೆಯದು ಪಟ್ಟಿಯ ಅಗಲ, ಎರಡೂ ಸೆಂ.ಮೀ.ಯಲ್ಲಿ:

```
=8+(B2-DATE(2026,2,1))*25/212
=(C2-B2+1)*25/212
```

ಛಾವಣಿಯ ಕೆಲಸ ತೆಗೆದುಕೊಳ್ಳೋಣ. ಮಳೆ ಹಿಡಿಯುವ ಮೊದಲು ಶೀಟು ಹೊದಿಸಿ ಆಗಬೇಕಾದ್ದರಿಂದ ಏಪ್ರಿಲ್ 6ರಿಂದ ಮೇ 20 ಎಂದಿಟ್ಟುಕೊಳ್ಳಿ. ಸೂತ್ರ ಕೊಡುವ ಉತ್ತರ 15.55 ಮತ್ತು 5.31. ಸ್ಲೈಡಿನಲ್ಲಿ ಒಂದು ಆಯತ ಬರೆದು, ಮೌಸಿನ ಬಲಗುಂಡಿ ಒತ್ತಿ `Format Shape` ತೆರೆದು, `Size & Properties` ಒಳಗೆ `Width` ಜಾಗದಲ್ಲಿ 5.31, `Horizontal position` ಜಾಗದಲ್ಲಿ 15.55 ಎಂದು ಟೈಪ್ ಮಾಡಿ. ಕಂಪ್ಯೂಟರ್ ಇಂಚು ತೋರಿಸುತ್ತಿದ್ದರೆ ಅಂಕಿಯ ನಂತರ `cm` ಸೇರಿಸಿ, ಅದೇ ಬದಲಿಸಿಕೊಳ್ಳುತ್ತದೆ. ನಿಷೇಧದ ಅವಧಿಯನ್ನು ತೋರಿಸಲು 22.15ರಿಂದ 7.19 ಅಗಲದ ತಿಳಿ ಬೂದು ಪಟ್ಟೆಯೊಂದನ್ನು ಎಲ್ಲದರ ಹಿಂದೆ, ಮೇಲಿಂದ ಕೆಳಗಿನವರೆಗೆ ಇಳಿಬಿಡಿ. ಅದರ ಬಲ ಅಂಚೇ ಆಗಸ್ಟ್ 1. ಅಲ್ಲೊಂದು ದಪ್ಪ ಗೆರೆ ಎಳೆಯಿರಿ.

ಈ ಅಳತೆಯಲ್ಲಿ ಒಂದು ವಾರ ಎಂದರೆ 0.83 ಸೆಂ.ಮೀ. ಅದಕ್ಕಿಂತ ಚಿಕ್ಕ ಕೆಲಸವನ್ನು ಪಟ್ಟಿಯಾಗಿ ತೋರಿಸಿ ಪ್ರಯೋಜನವಿಲ್ಲ. ನಾಲ್ಕು ದಿನದ ಒತ್ತಡ ಪರೀಕ್ಷೆ 0.47 ಸೆಂ.ಮೀ. ಆಗುತ್ತದೆ, ಹೆಸರು ಬರೆಯಲು ಜಾಗವೇ ಇಲ್ಲ. ಅದು ಮುಗಿಯುವ ದಿನಕ್ಕೆ ಒಂದು ವಜ್ರದ ಗುರುತು ಇಟ್ಟರೆ ಸಾಕು. ಮೆಸ್ಕಾಂ ಮಂಜೂರಾತಿ, ಕಂಪ್ರೆಸರ್ ಬಂದಿಳಿಯುವುದು, ಅಮೋನಿಯಾ ತುಂಬಿಸುವುದು, ಮೊದಲ ಐಸ್, ಇವೆಲ್ಲ ವಜ್ರಗಳೇ. ಒಂದು ಎಚ್ಚರ: ಪವರ್‌ಪಾಯಿಂಟ್ ಲೆಕ್ಕ ಹಾಕುವುದು ಆಕಾರದ ಎಡತುದಿಯಿಂದ. 0.6 ಸೆಂ.ಮೀ. ಅಗಲದ ವಜ್ರದ ನಡುಬಿಂದು ದಿನಾಂಕದ ಮೇಲೆ ಕೂರಬೇಕಾದರೆ ಸೂತ್ರದಿಂದ ಬಂದ ಜಾಗದಲ್ಲಿ 0.3 ಕಳೆಯಬೇಕು. ಕಳೆಯದಿದ್ದರೆ ಪ್ರತಿ ವಜ್ರವೂ ಎರಡೂವರೆ ದಿನ ಮುಂದಕ್ಕೆ ಜಾರಿ ಕಾಣುತ್ತದೆ.

ಇದು ನಿಮ್ಮಲ್ಲಿ ಕೂದಲು ಸೀಳುವ ಮಾತಲ್ಲ. ಮೊದಲ ಐಸ್ ಜುಲೈ 29ಕ್ಕೆ ಎಂದಿದ್ದರೆ ಆಗಸ್ಟ್ 1ಕ್ಕೆ ಉಳಿಯುವುದು 3 ದಿನ, ಸ್ಲೈಡಿನಲ್ಲಿ 0.35 ಸೆಂ.ಮೀ. ಅದರ ಬಹುಪಾಲನ್ನು ವಜ್ರದ ಬಲ ಅರ್ಧವೇ ಮುಚ್ಚಿಬಿಡುತ್ತದೆ. ನೋಡುವವರಿಗೆ ವಜ್ರವೂ ಗೆರೆಯೂ ಅಂಟಿಕೊಂಡಂತೆ ಕಾಣುತ್ತದೆ. ಬಿಡುವು ಇಷ್ಟು ಕಡಿಮೆ ಇದ್ದಾಗ ಚಿತ್ರವನ್ನು ನಂಬಬೇಡಿ, ಪಕ್ಕದಲ್ಲೇ "3 ದಿನ ಬಿಡುವು" ಎಂದು ಬರೆದುಬಿಡಿ. ಇಡೀ ಸ್ಲೈಡಿನಲ್ಲಿ ಸಭೆಯವರು ಚರ್ಚೆ ಮಾಡಬೇಕಾದ ಅಂಕಿ ಅದು.

ದಿನಾಂಕಗಳು ವಜ್ರಗಳಿಗೆ ಮಾತ್ರ ಇರಲಿ, ಪಟ್ಟಿಗಳಿಗೆ ಬೇಡ. ಮೇಲೆ ತಿಂಗಳ ಹೆಸರುಗಳು ಇವೆಯಲ್ಲ. ವಾರದ ಗೆರೆಗಳನ್ನೂ ತೆಗೆಯಿರಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಎಳೆಯುವ ಬಾಣಗಳಲ್ಲಿ ಒಂದನ್ನು ಮಾತ್ರ ಉಳಿಸುತ್ತೇನೆ. ನಿಮ್ಮಲ್ಲಿ ಅದು ಕಂಪ್ರೆಸರ್ ಬರುವ ವಜ್ರದಿಂದ ಅಳವಡಿಕೆಯ ಪಟ್ಟಿಗೆ ಹೋಗುವ ಬಾಣ. ಬಣ್ಣವೂ ಅಷ್ಟೆ: ಆಗಸ್ಟ್ 1ನ್ನು ನಿರ್ಧರಿಸುವ ಕೆಲಸಗಳಿಗೆ ಒಂದು ಗಾಢ ನೀಲಿ, ಉಳಿದದ್ದೆಲ್ಲ ಬೂದು. ಸಭೆಯಲ್ಲಿ ಜೆರಾಕ್ಸ್ ಪ್ರತಿ ಹಂಚುವುದಾದರೆ ಕೆಂಪು-ಹಸಿರು ಎರಡೂ ಒಂದೇ ಕಪ್ಪಾಗುತ್ತವೆ. ಗಾಢ ನೀಲಿ-ಬೂದು ಹಾಗಲ್ಲ, ಜೆರಾಕ್ಸಿನಲ್ಲೂ ಬೇರೆಬೇರೆಯಾಗಿ ಕಾಣುತ್ತವೆ.

ಸ್ಲೈಡ್ ಕನ್ನಡದಲ್ಲಿ ಮಾಡುತ್ತೀರಿ ಎಂದಾದರೆ ಅಕ್ಷರದ ಎತ್ತರಕ್ಕೆ ಬೇರೆ ಲೆಕ್ಕ ಬೇಕು. ಇಂಗ್ಲಿಷಿಗೆ 14 ಪಾಯಿಂಟ್ ನಡೆಯುವಲ್ಲಿ ಕನ್ನಡಕ್ಕೆ 16 ಹಾಕುತ್ತೇನೆ, ಇಲ್ಲವಾದರೆ ಒತ್ತಕ್ಷರ ಹಿಂದಿನ ಸಾಲಿನವರಿಗೆ ಚುಕ್ಕೆಯಂತೆ ಕಾಣುತ್ತದೆ. ದಪ್ಪಕ್ಷರವನ್ನು ಶೀರ್ಷಿಕೆಗೆ ಮಾತ್ರ ಇಡಿ, ಚಿಕ್ಕ ಅಳತೆಯಲ್ಲಿ ಅಕ್ಷರದ ಒಳಗಿನ ಬಿಳಿ ಜಾಗವೇ ಮುಚ್ಚಿಹೋಗುತ್ತದೆ. ಪಟ್ಟಿಯ ಎತ್ತರ 1 ಸೆಂ.ಮೀ. ಇರಲಿ. ಆಕಾರದ ಒಳಗೆ ಪವರ್‌ಪಾಯಿಂಟ್ ತಾನಾಗಿಯೇ ಬಿಡುವ ಅಂಚುಗಳನ್ನು `Text Box` ಭಾಗದಲ್ಲಿ 0 ಮಾಡಿ. ಇದನ್ನು ಬಿಟ್ಟರೆ ಏನಾಗುತ್ತದೆಂದರೆ, "ವಿದ್ಯುತ್ತು" ಎಂಬ ಪದದ ಒತ್ತುಗಳು ನೀಲಿ ಪಟ್ಟಿಯಿಂದ ಕೆಳಗಿಳಿದು, ಬಿಳಿ ಅಕ್ಷರ ಬಿಳಿ ಹಿನ್ನೆಲೆಯಲ್ಲಿ ಮಾಯವಾಗುತ್ತದೆ. ಹೆಸರು ಪಟ್ಟಿಯೊಳಗೆ ಹಿಡಿಯದಿದ್ದರೆ ಅಕ್ಷರ ಚಿಕ್ಕದು ಮಾಡುವ ಬದಲು ಹೆಸರನ್ನು ಪಟ್ಟಿಯ ಬಲಕ್ಕೆ, ಕಪ್ಪಿನಲ್ಲಿ ಬರೆಯಿರಿ. ಫಾಂಟ್ Nirmala UI ಆದರೆ ಈಗಿನ ವಿಂಡೋಸ್ ಯಂತ್ರಗಳಲ್ಲಿ ಇರುತ್ತದೆ. ಸಭೆಯ ಲ್ಯಾಪ್‌ಟಾಪ್ ಯಾರದೆಂದು ಗೊತ್ತಿಲ್ಲದಿದ್ದರೆ ಜೊತೆಗೆ ಪಿಡಿಎಫ್ ಪ್ರತಿಯೊಂದನ್ನೂ ಒಯ್ಯಿರಿ.

ತಡವಾದಾಗ ಏನು ಮಾಡುವುದೆಂದು ಈಗಲೇ ತೀರ್ಮಾನಿಸಿಕೊಳ್ಳಿ, ಏಕೆಂದರೆ ತಡ ಆಗಿಯೇ ಆಗುತ್ತದೆ. ಕಂಪ್ರೆಸರ್ ಮೇ 25ಕ್ಕೆ ಬರಬೇಕಿತ್ತು, ಮುಂದಿನ ಸಭೆಯ ಹೊತ್ತಿಗೆ ಪೂರೈಸುವವರು ಜೂನ್ 4 ಎಂದರು ಎಂದಿಟ್ಟುಕೊಳ್ಳಿ. ವಜ್ರವನ್ನು ಸುಮ್ಮನೆ ಸರಿಸಿಬಿಟ್ಟರೆ ಮೊದಲು ಏನು ಹೇಳಿದ್ದೆವು ಎಂಬುದೇ ಅಳಿಸಿಹೋಗುತ್ತದೆ. ಹಳೆ ಜಾಗದಲ್ಲಿ ಒಳಗೆ ಬಣ್ಣವಿಲ್ಲದ ವಜ್ರ ಉಳಿಸಿ, ಹೊಸ ದಿನಾಂಕಕ್ಕೆ ತುಂಬಿದ ವಜ್ರ ಇಡಿ. ಹಳೆ ಯಂತ್ರ ಬಿಚ್ಚುವುದು ಜೂನ್ 9ಕ್ಕೆ ಮುಗಿದು ಅಳವಡಿಕೆ 10ಕ್ಕೆ ಶುರುವಾಗುವುದಾದರೆ, ಮೊದಲು 16 ದಿನ ಇದ್ದ ಬಿಡುವು ಈಗ 6 ದಿನ. ಬಾಣ ಗಿಡ್ಡವಾದದ್ದು ಕಣ್ಣಿಗೇ ಕಾಣುತ್ತದೆ, ಆದರೆ ಆಗಸ್ಟ್ 1 ಇನ್ನೂ ಅಲುಗಾಡಿಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಜೂನ್ 10 ದಾಟಿದರೆ ಮಾತ್ರ ಅಳವಡಿಕೆಯ ಪಟ್ಟಿಯೂ ಅದರ ನಂತರದ್ದೆಲ್ಲವೂ ಬಲಕ್ಕೆ ಸರಿಯಬೇಕು, ಆಗ ಕೊನೆಯ 3 ದಿನದ ಬಿಡುವು ಕರಗತೊಡಗುತ್ತದೆ, ತಡ ಮೂರು ದಿನ ಮೀರಿದರೆ ಅದೂ ಸಾಲುವುದಿಲ್ಲ.

ಏಪ್ರಿಲ್ ಕೊನೆಯ ಸಭೆಗೆ ಹೋಗುವಾಗ ಅಳತೆಯನ್ನು ಮತ್ತೆ ಮುಂದಕ್ಕೆ ತನ್ನಿ. ಸೂತ್ರದಲ್ಲಿ ದಿನಾಂಕವನ್ನು ಏಪ್ರಿಲ್ 1ಕ್ಕೆ, 212ನ್ನು 153ಕ್ಕೆ ಬದಲಿಸಿದರೆ ಆ 61 ದಿನಕ್ಕೆ ಹತ್ತಿರ ಹತ್ತಿರ 10 ಸೆಂ.ಮೀ. ಸಿಗುತ್ತದೆ. ಆಗ ಒತ್ತಡ ಪರೀಕ್ಷೆಯಿಂದ ಮೊದಲ ಐಸ್‌ವರೆಗಿನ ವಜ್ರಗಳ ಹೆಸರುಗಳು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಕೂರುತ್ತವೆ.